ಇಪ್ಪತ್ತೈದನೆಯ ವಿದ್ಯಾರ್ಥಿ ಬಂದಾಗ

ದಾವಣಗೆರೆಯಂಥ ಊರಿನಲ್ಲಿ ಟ್ಯಾಲಿ ಕಲಿಸುವ ತರಬೇತಿ ಕೇಂದ್ರವೊಂದಿದೆ ಎಂದಿಟ್ಟುಕೊಳ್ಳಿ. ಶನಿವಾರ, ಭಾನುವಾರ ಜಿಎಸ್‌ಟಿ ರಿಟರ್ನ್ ಸಲ್ಲಿಸುವುದನ್ನು ಕಲಿಸುವ ಮೂರು ತಿಂಗಳ ಕೋರ್ಸ್ ಶುರು ಮಾಡಬೇಕೆಂಬುದು ಮಾಲೀಕರ ಯೋಚನೆ. ಶುಲ್ಕ 5,900 ರೂಪಾಯಿ. 17 ಮಂದಿ ಸೇರಿದರೆ ಹಾಕಿದ ದುಡ್ಡು ಹುಟ್ಟುತ್ತದೆ ಎನ್ನುತ್ತದೆ ಬ್ರೇಕ್‌ಈವನ್ ಹಾಳೆಯ ಕೊನೆಯ ಸಾಲು. ಆದರೆ ಆ ಹಾಳೆಯನ್ನು ಓದಬೇಕಾದ್ದು ಮೊದಲ ಸಾಲಿನಿಂದ.

ಇಂಥ ಕೋಚಿಂಗ್ ಮೇಲೆ ಶೇ 18ರಷ್ಟು ಜಿಎಸ್‌ಟಿ ಇದೆ. ಕೇಂದ್ರ ನೋಂದಾಯಿತವಾಗಿದ್ದರೆ ಆ 5,900ರಲ್ಲಿ 900 ರೂಪಾಯಿ ಸರ್ಕಾರದ್ದು; ಕೈಗೆ ಉಳಿಯುವುದು 5,000. ಪುಸ್ತಕ, ಪರೀಕ್ಷೆ, ಪ್ರಮಾಣಪತ್ರ, ವಿದ್ಯಾರ್ಥಿಯನ್ನು ಕರೆತಂದವರ ಕಮಿಷನ್ ಸೇರಿ ತಲೆಗೆ 1,200 ಖರ್ಚಾದರೆ ಉಳಿಯುವುದು 3,800. ಇನ್ನು ಎಷ್ಟೇ ಜನ ಬಂದರೂ ತಪ್ಪದ ಖರ್ಚು: ಪಾಠ ಮಾಡುವವರಿಗೆ 45,000, ಪ್ರಚಾರಕ್ಕೆ 19,000, ಸಾಫ್ಟ್‌ವೇರ್ ಮತ್ತು ಕಂಪ್ಯೂಟರ್ ರಿಪೇರಿಗೆ 12,000. ಒಟ್ಟು 76,000. ಇದನ್ನು 3,800ರಿಂದ ಭಾಗಿಸಿದರೆ 20 ಬರುತ್ತದೆ. ಹಾಳೆಯವರು ತೆರಿಗೆ ಕಳೆಯದೆ 4,700ರಿಂದ ಭಾಗಿಸಿದ್ದರಿಂದ 17 ಬಂದಿತ್ತು.

ಹಾಗಾದರೆ 20 ದಾಟಿದ ಮೇಲೆ ಬಂದಷ್ಟೂ ಲಾಭವೇ? ನನ್ನ ಮಟ್ಟಿಗೆ, ಹೆಚ್ಚಿನವರು ಮುಗ್ಗರಿಸುವುದು ಇಲ್ಲಿಯೇ. ಲ್ಯಾಬಿನಲ್ಲಿರುವುದು 24 ಕಂಪ್ಯೂಟರ್. 24 ಮಂದಿ ಇದ್ದಾಗ 15,200 ರೂಪಾಯಿ ಉಳಿಯುತ್ತದೆ. ಇಪ್ಪತ್ತೈದನೆಯವರು ಬಂದರೆ ಇನ್ನೊಂದು ತಂಡ ಮಾಡಬೇಕು, ಪಾಠಕ್ಕೆ ಮತ್ತೆ 45,000 ಕೊಡಬೇಕು. ತಪ್ಪದ ಖರ್ಚು 1,21,000ಕ್ಕೆ ಏರುತ್ತದೆ. ಈಗ ಅದು ಹುಟ್ಟಬೇಕಾದರೆ 32 ಮಂದಿ ಬೇಕು. 28 ಮಂದಿ ಸೇರಿದ ವರ್ಷ ಎರಡೂ ತಂಡ ಗಿಜಿಗುಡುತ್ತಿದ್ದಂತೆ ಕಂಡರೂ ಖಾತೆಯಲ್ಲಿ 14,600 ರೂಪಾಯಿ ನಷ್ಟ. ನೇರ ಗೆರೆ ಎಳೆದ ಹಾಳೆ ಈ 25ರಿಂದ 31ರವರೆಗಿನ ಹಳ್ಳವನ್ನು ತೋರಿಸುವುದೇ ಇಲ್ಲ. ಆದ್ದರಿಂದ ಕೋರ್ಸ್ ಘೋಷಿಸುವ ಮೊದಲೇ ಒಂದು ತೀರ್ಮಾನ ಆಗಬೇಕು: 24 ತುಂಬಿದ ಮೇಲೆ ಬಂದವರ ಹೆಸರು ಬರೆದುಕೊಂಡು ಮುಂದಿನ ಸರದಿಗೆ ಕರೆಯುವುದು, 32 ಮಂದಿ ಖಚಿತವಾಗದೆ ಎರಡನೇ ತಂಡ ತೆರೆಯದಿರುವುದು.

ಹಾಳೆಯಲ್ಲಿ ಕಾಣದ ಇನ್ನೊಂದು ಸೋರಿಕೆಯಿದೆ. ಹೊಸ ಕೋರ್ಸಿಗೆ ಸೇರಿದ 24 ಮಂದಿಯಲ್ಲಿ ಐವರು ಹೊಸ ಕೋರ್ಸ್ ಇಲ್ಲದಿದ್ದರೆ ಅದೇ ಕೇಂದ್ರದ ಟ್ಯಾಲಿ ತರಗತಿಗೆ ಸೇರುತ್ತಿದ್ದರು ಎನ್ನೋಣ. ಅಲ್ಲಿ ತಲೆಗೆ 3,000 ಉಳಿಯುತ್ತಿದ್ದರೆ 15,000 ಹೋಯಿತು. 15,200ರ ಲಾಭ 200ಕ್ಕೆ ಇಳಿಯಿತು. ‘ನೀವು ಮೊದಲು ವಿಚಾರಿಸಿದ್ದು ಯಾವ ಕೋರ್ಸ್?’ ಎಂಬ ಪ್ರಶ್ನೆಯನ್ನು ಪ್ರವೇಶ ಅರ್ಜಿಯಲ್ಲಿ ಸೇರಿಸಿದರೆ, ಹೀಗೆ ಬಂದವರು ಎಷ್ಟು ಮಂದಿ ಎಂಬ ಅಂದಾಜು ಮೊದಲ ತಂಡದಲ್ಲೇ ಸಿಗುತ್ತದೆ.