ಮುನ್ನೂರು ರೂಪಾಯಿ ಎಲ್ಲಿಗೆ ಹೋಗುತ್ತದೆ?

ಹಳ್ಳಿ ಶಾಲೆಗೊಂದು ಗ್ರಂಥಾಲಯ ಬೇಕು, ನೆರವಾಗಿ ಎಂಬ ಮನವಿಗಳು ಈಗ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತವೆ. ‘ಬಡಮಕ್ಕಳ ಬಾಳಿಗೆ ಬೆಳಕಾಗಿ’ ಎಂದು ಶುರುವಾಗಿ ಹೆಚ್ಚಿನವು ಅಲ್ಲಿಗೇ ನಿಲ್ಲುತ್ತವೆ. ಓದಿದವರಿಗೆ ಅಯ್ಯೋ ಅನ್ನಿಸುತ್ತದೆ, ಹಣ ಮಾತ್ರ ಬರುವುದಿಲ್ಲ.

ಮನಮುಟ್ಟಲು ಕಣ್ಣೀರೇ ಬೇಕೆಂದಿಲ್ಲ, ಕಂಡದ್ದನ್ನು ಬರೆದರೆ ಸಾಕು. ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳಿವೆ, ಆದರೆ ಬೀರುವಿಗೆ ಬೀಗ. ಒಂದು ಕಳೆದರೂ ಸ್ಟಾಕ್ ರಿಜಿಸ್ಟರ್ ಮುಂದಿಟ್ಟುಕೊಂಡು ಉತ್ತರ ಹೇಳಬೇಕಾದವರು ಮುಖ್ಯಶಿಕ್ಷಕರು. ‘ನಮ್ಮ ಮಕ್ಕಳು ಪುಸ್ತಕವನ್ನು ಗಾಜಿನಾಚೆ ನೋಡುತ್ತಾರೆ’ ಎಂಬ ಒಂದೇ ಸಾಲು, ಹರಿದ ಅಂಗಿಯ ಹುಡುಗನ ಫೋಟೊಗಿಂತ ಹೆಚ್ಚು ಹೇಳುತ್ತದೆ. ಆ ಹುಡುಗನ ಮಾನವೂ ಉಳಿಯುತ್ತದೆ.

ಇನ್ನು ಲೆಕ್ಕ. ಒಂದು ಮಾದರಿ ನೋಡೋಣ. ಸರಾಸರಿ 60 ರೂಪಾಯಿಯ 400 ಪುಸ್ತಕಕ್ಕೆ 24,000. ಮಕ್ಕಳ ಕೈಗೆಟಕುವ ಎರಡು ತೆರೆದ ರ‍್ಯಾಕ್‌ಗೆ 14,000. ಜಮಖಾನೆಗೆ 2,000, ರಟ್ಟು-ರಿಜಿಸ್ಟರಿಗೆ 1,500, ಸಾಗಣೆಗೆ 1,500. ಒಟ್ಟು 43,000. ಆನ್‌ಲೈನ್ ತಾಣದಲ್ಲಿ ಕೂಡಿಸಿದರೆ ಪಾವತಿ ಶುಲ್ಕ ಕಡಿತವಾಗುತ್ತದೆ. ಅದು ನೂರಕ್ಕೆ 3 ಎಂದಿಟ್ಟುಕೊಂಡರೆ ಕೇಳಬೇಕಾದದ್ದು 44,330. ಕಡಿತ ಆಗುವುದು ಬಂದ ಒಟ್ಟು ಹಣದ ಮೇಲೆ. ಹಾಗಾಗಿ 43,000ದ ಮೇಲೆ ಶೇ 3 ಸೇರಿಸಿದರೆ ಕೊನೆಗೆ 39 ರೂಪಾಯಿ ಕೊರೆ ಬೀಳುತ್ತದೆ!

ಬಹಳಷ್ಟು ಮನವಿಗಳು ಎಡವುವುದು ಮುಂದಿನ ಹೆಜ್ಜೆಯಲ್ಲಿ. ‘300 ಕೊಡಿ, ಐದು ಪುಸ್ತಕ ಕೊಡಿಸಿ’ ಎನ್ನುವುದು ಕೇಳಲು ಚೆಂದ, ಆದರೆ ಸುಳ್ಳು. ಮೇಲಿನ ಲೆಕ್ಕದಲ್ಲಿ 300ರ ಪೈಕಿ ಪುಸ್ತಕಕ್ಕೆ ಸೇರುವುದು ಸುಮಾರು 162, ಉಳಿದದ್ದು ರ‍್ಯಾಕು, ಜಮಖಾನೆ, ಶುಲ್ಕ ಇತ್ಯಾದಿಗೆ. ಹಾಗೆಂದೇ ಬರೆದರೆ ದಾನಿ ಓಡಿಹೋಗುವುದಿಲ್ಲ. ರ‍್ಯಾಕ್ ಏಕೆ ಬೇಕೆಂದು ಬೀರುವಿನ ಸಾಲು ಆಗಲೇ ಹೇಳಿಬಿಟ್ಟಿದೆಯಲ್ಲ! ಆದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2014ರಲ್ಲಿ ಆರಂಭಿಸಿದ ‘ಡೊನೇಟ್ ಎ ಬುಕ್’ ಯೋಜನೆಯ ಗುರಿ ಪುಸ್ತಕ ಮಾತ್ರವಾಗಿತ್ತು. ಅಂಥ ಕಡೆ ಪುಸ್ತಕದ ಲೆಕ್ಕದಲ್ಲೇ ಕೇಳುವುದು ಸರಿ.

ಕೊನೆಗೆ ಕೇಳಿಕೆ ಒಂದೇ ಇರಲಿ. ‘ಹಣ ಕೊಡಿ, ಹಂಚಿಕೊಳ್ಳಿ, ಹಳೆ ಪುಸ್ತಕ ಕಳಿಸಿ, ಬಂದು ಪಾಠ ಮಾಡಿ’ ಎಂದರೆ ಓದುಗ ಯಾವುದನ್ನೂ ಮಾಡುವುದಿಲ್ಲ. ಹಳೆ ಪುಸ್ತಕ ಕೇಳಿದರಂತೂ ಬರುವುದು ಪಠ್ಯ ಬದಲಾದ ಗೈಡುಗಳು. ‘ತಿಂಗಳ ಕೊನೆಯೊಳಗೆ 300 ರೂಪಾಯಿ, ಇದೊಂದೇ ಖಾತೆಗೆ’ ಎಂದರೆ ಮುಗಿಯಿತು. ನೇರವಾಗಲಿ, ತಾಣದ ಮೂಲಕವಾಗಲಿ, ಹಣ ಸೇರುವ ಆ ಖಾತೆ ಉತ್ಸಾಹಿ ಗೆಳೆಯನ ಫೋನ್‌ಪೇ ಆಗಿರಬಾರದು. ಸರ್ಕಾರಿ ಶಾಲೆಯಾದರೆ ಮುಖ್ಯಶಿಕ್ಷಕರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಖಾತೆ ಇದ್ದೇ ಇರುತ್ತದೆ.

ಹಣ ಪೂರ್ತಿ ಬಾರದಿದ್ದರೆ ಏನು ಮಾಡುತ್ತೀರಿ ಎಂಬುದನ್ನೂ ಮೊದಲೇ ಬರೆಯಬೇಕು. 30,000 ಮಾತ್ರ ಬಂತೆನ್ನಿ. ಶುಲ್ಕ ಕಳೆದು ಉಳಿಯುವ 29,100ರಲ್ಲಿ ರ‍್ಯಾಕ್ ಬಿಟ್ಟು ಉಳಿದೆಲ್ಲ ಆಗುತ್ತದೆ, ನೂರು ರೂಪಾಯಿ ಮಿಗುತ್ತದೆ. ಅದರಲ್ಲಿ ಹಗ್ಗ ತಂದು, ನಲಿಕಲಿ ಕೊಠಡಿಯ ಗೋಡೆಗುಂಟ ಕಟ್ಟಿ ಪುಸ್ತಕ ನೇತುಹಾಕಬಹುದು.