ಅಕ್ರೋಟಿನಲ್ಲಿ ಬಣ್ಣದಂಗಡಿಯ ವಾಸನೆ

ದೀಪಾವಳಿಗೆ ಉಡುಗೊರೆಯಾಗಿ ಬಂದ ಡ್ರೈಫ್ರೂಟ್ಸ್ ಡಬ್ಬವೊಂದು ನಮ್ಮ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಕಪಾಟಿನಲ್ಲಿ, ಯುಗಾದಿಯವರೆಗೂ ಕೂತಿತ್ತು. ಒಂದು ಖಾನೆಯಲ್ಲಿ ಗೋಡಂಬಿ, ಇನ್ನೊಂದರಲ್ಲಿ ಹುರಿದ ಕಡಲೆಬೀಜ, ಮತ್ತೊಂದರಲ್ಲಿ ಸಿಪ್ಪೆ ಒಡೆದ ಅಕ್ರೋಟು. ಪಾಯಸಕ್ಕೆಂದು ಮುಚ್ಚಳ ತೆಗೆದಾಗ ಗೋಡಂಬಿ ಚೆನ್ನಾಗಿಯೇ ಇತ್ತು. ಕಡಲೆಬೀಜಕ್ಕೆ ಸಣ್ಣಗೆ ಕಮಟು ಹತ್ತಿತ್ತು. ಅಕ್ರೋಟಿನಿಂದ ಮಾತ್ರ ಆಗಷ್ಟೇ ಬಣ್ಣ ಬಳಿದ ಕೋಣೆಯ ವಾಸನೆ ಬಂತು. ಡಬ್ಬ ಒಂದೇ, ಕಪಾಟು ಒಂದೇ, ಕಳೆದ ತಿಂಗಳುಗಳೂ ಅಷ್ಟೇ. ಹಾಗಿದ್ದೂ ಮೂರಕ್ಕೂ ಮೂರು ಗತಿ ಏಕೆ?

ಕಾರಣ ಅವುಗಳೊಳಗಿನ ಎಣ್ಣೆ. ನೂರು ಗ್ರಾಂ ಗೋಡಂಬಿಯಲ್ಲಿ ಸುಮಾರು 45 ಗ್ರಾಂ, ಕಡಲೆಬೀಜದಲ್ಲಿ ಸುಮಾರು 49 ಗ್ರಾಂ, ಅಕ್ರೋಟಿನಲ್ಲಿ ಸುಮಾರು 65 ಗ್ರಾಂ ಕೊಬ್ಬಿದೆ. ಪ್ರಮಾಣಕ್ಕಿಂತ ಮುಖ್ಯವಾದದ್ದು ಅದರ ಜಾತಿ. ಗೋಡಂಬಿಯ ಎಣ್ಣೆಯಲ್ಲಿ ಹೆಚ್ಚಿನ ಪಾಲು ಗಾಳಿಯ ಆಮ್ಲಜನಕಕ್ಕೆ ಬೇಗ ಬಗ್ಗದ ಓಲಿಕ್ ಆಮ್ಲ. ಅಕ್ರೋಟಿನ ಎಣ್ಣೆಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಆಮ್ಲಜನಕ ಸುಲಭವಾಗಿ ಅಂಟಿಕೊಳ್ಳುವ ಬಗೆಯದು. ನಾವು ಮೆಚ್ಚುವ ಒಮೆಗಾ-3 ಕೂಡ ಅದರಲ್ಲೇ ಸೇರಿದೆ. ಕಡಲೆಬೀಜ ಇವೆರಡರ ನಡುವಿನದು. ಯುರೋಪಿನ ಚಿತ್ರಕಾರರು ಅಕ್ರೋಟಿನ ಎಣ್ಣೆಯಲ್ಲಿ ಬಣ್ಣ ಕಲಸುತ್ತಿದ್ದರು, ಏಕೆಂದರೆ ಅದು ಗಾಳಿಗೆ ತಾನಾಗಿ ಗಟ್ಟಿಯಾಗಿ ಒಣಗುತ್ತದೆ. ನಮ್ಮ ಡಬ್ಬದೊಳಗೆ ಶುರುವಾಗಿದ್ದೂ ಅದೇ ಕೆಲಸ.

ಕಮಟು ಕಣ್ಣಿಗೆ ತಡವಾಗಿ ಕಾಣುತ್ತದೆ, ಮೂಗಿಗೆ ಬೇಗ ತಿಳಿಯುತ್ತದೆ. ನಾಲ್ಕೈದು ಬೀಜಗಳನ್ನು ಮುರಿದು, ಅಂಗೈಯಲ್ಲಿ ಮುಚ್ಚಿ ಅರೆನಿಮಿಷ ಬೆಚ್ಚಗಾಗಿಸಿ ಮೂಸಿ ನೋಡಿ. ಒಳ್ಳೆಯ ಬೀಜಕ್ಕೆ ತೀರಾ ಮೆಲ್ಲನೆಯ ಸಿಹಿ ಪರಿಮಳವಿರುತ್ತದೆ, ಇಲ್ಲವೇ ವಾಸನೆಯೇ ಇರುವುದಿಲ್ಲ. ಪೇಂಟು, ಮೇಣದ ಬಳಪ, ಹಳೆಯ ಕರಿದ ಎಣ್ಣೆ ನೆನಪಾದರೆ ಅದು ಕೆಟ್ಟಿದೆ. ಅನುಮಾನ ಉಳಿದರೆ ಚೂರು ಅಗಿದು ನೋಡಿ: ಕೆಟ್ಟದ್ದರ ಕಹಿ ನುಂಗಿದ ಮೇಲೂ ಗಂಟಲಿನ ಹಿಂಭಾಗದಲ್ಲಿ ನಿಲ್ಲುತ್ತದೆ. ಅಕ್ರೋಟಿನ ವಿಷಯದಲ್ಲಿ ಇಲ್ಲಿ ಅನೇಕರು ತಪ್ಪುತ್ತಾರೆ. ಅದರ ತೆಳು ಸಿಪ್ಪೆಗೆ ಹುಟ್ಟಿನಿಂದಲೇ ಒಗರಿದೆ. ಬಿಸಿನೀರಿನಲ್ಲಿ ನೆನೆಸಿ, ಆ ಸಿಪ್ಪೆ ಸುಲಿದು, ಬಿಳಿಯ ತಿರುಳನ್ನಷ್ಟೇ ತಿನ್ನಿ. ಅದೂ ಕಹಿಯಾಗಿದ್ದರೆ ಎಣ್ಣೆ ಕೆಟ್ಟಿದೆ ಎಂದೇ ಲೆಕ್ಕ.

ತುಪ್ಪದಲ್ಲಿ ಹುರಿದರೆ ವಾಸನೆ ಹೋಗುತ್ತದೆ ಎನ್ನುವವರಿದ್ದಾರೆ. ಹುರಿದಾಗ ಕಮಟು ಸ್ವಲ್ಪ ಹೊತ್ತು ಮರೆಯಾಗುತ್ತದೆ, ಕೆಟ್ಟ ಎಣ್ಣೆ ಮಾತ್ರ ಅಲ್ಲೇ ಉಳಿಯುತ್ತದೆ. ಒಂದೆರಡು ಕಮಟು ಬೀಜ ತಿಂದ ಮಾತ್ರಕ್ಕೆ ಸಾಮಾನ್ಯವಾಗಿ ಯಾರೂ ಕಾಯಿಲೆ ಬೀಳುವುದಿಲ್ಲ. ಆದರೆ ರುಚಿಯ ಜೊತೆ ವಿಟಮಿನ್ ಇ ಕೂಡ ಕಳೆದುಹೋಗಿರುತ್ತದೆ. ಬೂಷ್ಟಿನ ಮಾತು ಬೇರೆ. ಕಡಲೆಬೀಜ ಮುದುರಿ, ಬಣ್ಣಗೆಟ್ಟು, ಹಸಿರು ಅಥವಾ ಕಪ್ಪು ಬೂಷ್ಟು ಹಿಡಿದಿದ್ದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ, ಯಕೃತ್ತಿಗೆ ಕೆಡುಕು ಮಾಡುವ ವಿಷ ಇರಬಹುದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಅಂಥದ್ದನ್ನು ರುಚಿ ನೋಡಲೂ ಬೇಡಿ.

ಎಣ್ಣೆಗೆ ಶತ್ರುಗಳು ಗಾಳಿ, ಬಿಸಿ, ಬೆಳಕು. ಗೇರುಬೀಜದ ವ್ಯಾಪಾರದವರಿಗೆ ಇದು ಹಳೆಯ ಪಾಠ. ರಫ್ತಿನ ಗೋಡಂಬಿಯನ್ನು 11.34 ಕಿಲೋ ಹಿಡಿಯುವ ತಗಡಿನ ಡಬ್ಬಗಳಲ್ಲಿ ತುಂಬಿ, ಒಳಗಿನ ಗಾಳಿ ಹೀರಿ ತೆಗೆದು, ಆ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಮುಚ್ಚುವುದು ಅವರ ಪದ್ಧತಿ. ಮನೆಯಲ್ಲಿ ನಮಗಾಗುವುದು ಗಾಳಿಗೆ ಜಾಗ ಕಡಿಮೆ ಮಾಡುವುದು. ದೊಡ್ಡ ಡಬ್ಬದಲ್ಲಿ ಕಾಲುಭಾಗ ಬೀಜ ಇಡುವ ಬದಲು, ಬಿಗಿ ಮುಚ್ಚಳದ ಚಿಕ್ಕ ಗಾಜಿನ ಬಾಟಲಿಗಳಲ್ಲಿ ಕಂಠದವರೆಗೆ ತುಂಬಿ. ಒಲೆಯ ಹತ್ತಿರದ ಕಪಾಟು ಬೇಡವೇ ಬೇಡ. ಅಕ್ರೋಟು ಫ್ರಿಜ್ಜಿನಲ್ಲಿ ಸುಮಾರು ಆರು ತಿಂಗಳು, ಫ್ರೀಜರಿನಲ್ಲಿ ಒಂದು ವರ್ಷ ಚೆನ್ನಾಗಿರುತ್ತದೆ. ತಣ್ಣಗಿಟ್ಟರೆ ಕೆಡುವುದು ನಿಧಾನವಾಗುತ್ತದೆ ಅಷ್ಟೇ; ಒಮ್ಮೆ ಕಮಟು ಹತ್ತಿದ್ದು ಮತ್ತೆ ಸರಿಹೋಗದು. ಹುರಿದದ್ದು ಹಸಿಯದಕ್ಕಿಂತ, ಚೂರು ಇಡಿಯದಕ್ಕಿಂತ ಬೇಗ ಕೆಡುತ್ತದೆ. ಆದ್ದರಿಂದ ಹುರಿಯುವುದನ್ನೂ ಚೂರು ಮಾಡುವುದನ್ನೂ ಬೇಕಾದ ದಿನಕ್ಕೇ ಇಟ್ಟುಕೊಳ್ಳಿ. ಕಡಲೆಕಾಯಿಯನ್ನಂತೂ ಚೆನ್ನಾಗಿ ಒಣಗಿಸಿ ಸಿಪ್ಪೆ ಸಮೇತ ಇಟ್ಟರೆ ಹೆಚ್ಚು ಕಾಲ ಬಾಳುತ್ತದೆ.

ಹಳೆಯ ಬೀಜದ ಮೇಲೆ ಹೊಸದನ್ನು ಸುರಿಯಬೇಡಿ. ಬಾಟಲಿಯ ಗೋಡೆಗೆ ಅಂಟಿದ ಹಳೆಯ ಎಣ್ಣೆ ಹೊಸದನ್ನೂ ಬೇಗ ಕೆಡಿಸುತ್ತದೆ. ಸೋಪಿನಲ್ಲಿ ತೊಳೆದು, ನೀರಿನ ಪಸೆ ಇಲ್ಲದಂತೆ ಒಣಗಿಸಿ, ಆಮೇಲೆ ತುಂಬಿ, ಕೊಂಡ ತಿಂಗಳನ್ನು ಬರೆದು ಅಂಟಿಸಿ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮುಚ್ಚಳವನ್ನು ಮಾತ್ರ ಕೂಡಲೇ ತೆರೆಯಬೇಡಿ. ತಣ್ಣಗಿನ ಬೀಜದ ಮೇಲೆ ಹೊರಗಿನ ತೇವ ಹನಿಗಟ್ಟಿ ಗರಿಗರಿ ಹೋಗುತ್ತದೆ. ಬಾಟಲಿ ಕೋಣೆಯ ಬಿಸುಪಿಗೆ ಬರಲಿ, ಆಮೇಲೆ ತೆರೆಯಿರಿ.