‘ಲಾರಿ ಹೊರಟಿದೆ ಸಾರ್’ ಎಂದರೆ ಇ-ವೇ ಬಿಲ್ ನಂಬರ್ ಕೇಳಿ

ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೇ ಸಾಗಹಾಕಿದ ನಾಡು ನಮ್ಮದು. ಉಕ್ಕಿನ ಸಪ್ಲೈಯರ್‌ಗಳಿಗೂ ಆ ವಿದ್ಯೆ ಚೆನ್ನಾಗಿ ಗೊತ್ತು. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಶಾಫ್ಟು, ಗೇರು, ಪಿನ್ನು ಮಾಡುವ ಸಣ್ಣ ಕಾರ್ಖಾನೆಯವರನ್ನು ಮಾತಿಗೆಳೆದರೆ ಸಾಕು, ಈ ನಾಳೆಯ ಕಥೆ ಹೊರಗೆ ಬರುತ್ತದೆ. ಸೋಮವಾರ ‘ನಾಳೆ ಲೋಡ್ ಆಗುತ್ತೆ ಸಾರ್’. ಗುರುವಾರ ‘ಲಾರಿ ಹೊರಟಿದೆ ಸಾರ್’. ಮುಂದಿನ ಸೋಮವಾರವೂ ಲೇತ್ ಮುಂದೆ ಕೆಲಸಗಾರರು ಕೈಕಟ್ಟಿ ನಿಂತಿರುತ್ತಾರೆ.

ಇಂಥವರ ಜೊತೆ ಗಟ್ಟಿ ತಾರೀಖಿಗೆ ಮಾತಾಡುವುದು ಹೇಗೆ? ಹೆಚ್ಚಿನವರು ಜೋರು ಮಾಡುತ್ತಾರೆ. ಜೋರು ಮಾಡಿದಷ್ಟೂ ಆ ಕಡೆಯಿಂದ ಇನ್ನಷ್ಟು ಹತ್ತಿರದ ತಾರೀಖು ಸಿಗುತ್ತದೆಯೇ ಹೊರತು ಮಾಲು ಸಿಗುವುದಿಲ್ಲ. ಏಕೆಂದರೆ ಆ ತಾರೀಖು ಅನೇಕ ಸಲ ಅವನ ಕೈಯಲ್ಲೇ ಇರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 5 ಟನ್ ಇಎನ್ 19 ಉಕ್ಕಿನ 50 ಮಿ.ಮೀ. ದುಂಡು ಸರಳು ಬೇಕಾದ ಘಟಕವೊಂದಿದೆ ಎಂದುಕೊಳ್ಳಿ. ಈ ಸರಳು ಗೇಟಿಗೆ ಬರುವ ಮೊದಲು ನಾಲ್ಕು ಕಡೆ ಕಾಯುತ್ತದೆ. ಮೊದಲನೆಯದು ರೋಲಿಂಗ್ ಮಿಲ್. ಅಳತೆ ಬದಲಾಯಿಸಬೇಕಾದರೆ ಅಲ್ಲಿ ರೋಲುಗಳನ್ನೇ ಬದಲಾಯಿಸಬೇಕು. ಹಾಗಾಗಿ 50 ಮಿ.ಮೀ. ಸರಳನ್ನು ಎಲ್ಲ ಗಿರಾಕಿಗಳಿಗೂ ಸೇರಿಸಿ ಒಂದೇ ಸರತಿಯಲ್ಲಿ ಎಳೆಯುತ್ತಾರೆ. ಆ ಸರತಿ ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಆಮೇಲೆ ಹೀಟ್ ಟ್ರೀಟ್‌ಮೆಂಟ್ ಕುಲುಮೆಯ ಸಾಲು. ಅದಾದ ಮೇಲೆ ಲ್ಯಾಬಿನ ಟೆಸ್ಟ್ ಸರ್ಟಿಫಿಕೇಟ್. ಕೊನೆಗೆ, ಲಾರಿ ತುಂಬುವಷ್ಟು ಸರಕು ಕೂಡಿಬರುವವರೆಗಿನ ಕಾಯುವಿಕೆ. ನಾಲ್ಕರಲ್ಲಿ ಯಾವುದು ದಿನ ತಿನ್ನುತ್ತಿದೆ ಎಂದು ಗೊತ್ತಾಗದೆ ಮಾತುಕತೆಗೆ ಕೂತರೆ ಪ್ರಯೋಜನವಿಲ್ಲ.

ಗೊತ್ತುಮಾಡಿಕೊಳ್ಳುವುದು ಕಷ್ಟವೇನಲ್ಲ. ‘ಮಾಲು ರೆಡಿ ಇದೆ’ ಎಂದರೆ ಹೀಟ್ ನಂಬರ್ ಕೇಳಿ. ಕರಗಿಸಿದ ಉಕ್ಕಿನ ಪ್ರತಿ ಪಾಕಕ್ಕೂ ಒಂದು ಹೀಟ್ ನಂಬರ್ ಇರುತ್ತದೆ, ಟೆಸ್ಟ್ ಸರ್ಟಿಫಿಕೇಟಿನಲ್ಲೂ ಅದೇ ನಂಬರ್ ಬರುತ್ತದೆ. ನಂಬರ್ ಹೇಳಲು ತಡವರಿಸಿದರೆ ನಿಮ್ಮ ಹೆಸರಿಗೆ ಸರಳು ಇನ್ನೂ ಮೀಸಲಾಗಿಲ್ಲ ಎಂದೇ ತಿಳಿಯಿರಿ. ‘ಲಾರಿ ಹೊರಟಿದೆ’ ಎಂದರೆ ಇ-ವೇ ಬಿಲ್ ಕೇಳಿ. 50,000 ರೂಪಾಯಿಗಿಂತ ಹೆಚ್ಚಿನ ಸರಕು ರಸ್ತೆಗಿಳಿಯಬೇಕಾದರೆ ಸಾಮಾನ್ಯವಾಗಿ ಅದು ಇರಲೇಬೇಕು, ಅದರಲ್ಲಿ ಗಾಡಿ ನಂಬರೂ ಇರುತ್ತದೆ. ಈ ಎರಡು ಪ್ರಶ್ನೆ ಕೇಳುವ ಗಿರಾಕಿಗೆ ಬಾಯಿಗೆ ಬಂದ ತಾರೀಖು ಹೇಳಲು ಯಾರೂ ಸ್ವಲ್ಪ ಯೋಚಿಸುತ್ತಾರೆ.

ಇನ್ನು ನಿಮ್ಮ ಕಡೆಯ ಲೆಕ್ಕ. ಹಿಂದಿನ ಆರು ಪರ್ಚೇಸ್ ಆರ್ಡರ್ ತೆಗೆದು, ಹೇಳಿದ ದಿನ ಮತ್ತು ಬಂದ ದಿನ ಎರಡನ್ನೂ ಪಕ್ಕಪಕ್ಕ ಬರೆಯಿರಿ. ನಮ್ಮ ಘಟಕದಲ್ಲಿ ತಡವಾದದ್ದು 6, 11, 4, 19, 9, 8 ದಿನ ಎಂದಿಟ್ಟುಕೊಳ್ಳೋಣ. ಸರಾಸರಿ ಒಂಬತ್ತೂವರೆ ದಿನ. ಆದರೆ ಮಾಲೀಕರ ನಿದ್ದೆ ಕೆಡಿಸುವುದು ಸರಾಸರಿಯಲ್ಲ, ಆ 19. ಯಾವ ಸಲ 4, ಯಾವ ಸಲ 19 ಎಂದು ಗೊತ್ತಾಗದ ಕಾರಣ ಪ್ರತಿ ತಿಂಗಳೂ 19 ದಿನಕ್ಕೆ ಸಾಕಾಗುವಷ್ಟು ಸರಳನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಭಾನುವಾರ, ರಜೆ ಕಳೆದರೆ ಅದು ಸುಮಾರು 15 ಕೆಲಸದ ದಿನ. ದಿನಕ್ಕೆ 200 ಕಿಲೋದಂತೆ 3 ಟನ್. ಕಿಲೋಗೆ 90 ರೂಪಾಯಿ ಹಿಡಿದರೆ 2.7 ಲಕ್ಷ ರೂಪಾಯಿ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುತ್ತದೆ. ಬ್ಯಾಂಕಿನ ಬಡ್ಡಿ ಶೇ. 12 ಆದರೆ ವರ್ಷಕ್ಕೆ 32,400 ರೂಪಾಯಿ. ಅದನ್ನು ತಿಂಗಳ 5 ಟನ್ ಮೇಲೆ ಹಂಚಿದರೆ ಕಿಲೋಗೆ 54 ಪೈಸೆ.

ಈ 54 ಪೈಸೆ ಮಾತುಕತೆಯ ಮೇಜಿನ ಮೇಲೆ ನಿಮ್ಮ ಬಂಡವಾಳ. ತಡ ಪೂರ್ತಿ ನಿಲ್ಲುವುದಾದರೆ ಅಷ್ಟು ದರ ಜಾಸ್ತಿ ಕೊಟ್ಟರೂ ಬಡ್ಡಿಯ ಲೆಕ್ಕದಲ್ಲೇ ನಷ್ಟವಿಲ್ಲ, ಯಂತ್ರ ನಿಂತ ನಷ್ಟ ಬೇರೆಯೇ ಉಳಿಯುತ್ತದೆ. ಅರ್ಧ ತಡ ನಿಂತರೆ ಅರ್ಧ ಕೊಡಬಹುದು. ಕಿಲೋಗೆ ಕಾಲು ರೂಪಾಯಿಗೆ ಗಂಟೆಗಟ್ಟಲೆ ಚೌಕಾಸಿ ಮಾಡಿ, ತಾರೀಖಿನ ಮಾತು ಬಂದಾಗ ‘ಸ್ವಲ್ಪ ಬೇಗ ಕಳಿಸಿ’ ಎಂದು ಮುಗಿಸುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು.

ದುಡ್ಡು ಕೊಡುವ ಮೊದಲೇ ಕೊಡಬಹುದಾದದ್ದು ಇನ್ನೊಂದಿದೆ: ಮುಂಗಡ ಮಾಹಿತಿ. ಮಿಲ್ಲಿನ ಸರತಿಯಲ್ಲಿ ಜಾಗ ಹಿಡಿಯಲು ಸಪ್ಲೈಯರ್‌ಗೆ ಬೇಕಾದದ್ದು ಅದೇ. ಮೂರು ತಿಂಗಳ ಬೇಡಿಕೆಯನ್ನು ಒಟ್ಟಿಗೆ ಬರೆದುಕೊಡಿ. ಮೊದಲ ತಿಂಗಳಿನದು ಬದಲಾಗುವುದಿಲ್ಲ, ಉಳಿದೆರಡು ಶೇ. 20ರಷ್ಟು ಹೆಚ್ಚುಕಮ್ಮಿ ಆಗಬಹುದು ಎಂದು ಹೇಳಿ. ಜೊತೆಗೆ ದುಡ್ಡು ಮಾತಿನಂತೆ ಪಾವತಿಯಾಗಬೇಕು. 30 ದಿನ ಎಂದು ಹೇಳಿ 60ಕ್ಕೆ ಕೊಡುವವರ ಸರಕು ಯಾವಾಗಲೂ ಲಾರಿಯ ಕೊನೆಗೇ ಏರುವುದು. ಇದನ್ನು ಯಾವ ಸಪ್ಲೈಯರೂ ಬಾಯಿಬಿಟ್ಟು ಹೇಳುವುದಿಲ್ಲ.

ಇಷ್ಟು ಕೊಟ್ಟ ಮೇಲೆ ಕೇಳುವ ಹಕ್ಕು ಬರುತ್ತದೆ. ಮಾತು ಹೀಗೆ ಸಾಗಬಹುದು:

‘ನಿಮಗೆ ಮೂರು ತಿಂಗಳ ಶೆಡ್ಯೂಲ್ ಕೊಟ್ಟಿದ್ದೀನಿ. 10ನೇ ತಾರೀಖು ಐದೂ ಟನ್ ಬರುತ್ತಾ?’

‘ಟ್ರೈ ಮಾಡ್ತೀವಿ ಸಾರ್.’

‘ಟ್ರೈ ಬೇಡ. ಎಷ್ಟು ಖಂಡಿತ ಬರುತ್ತೆ, ಅದು ಹೇಳಿ.’

‘ಎರಡು ಟನ್ ಅಂತೂ ಖಂಡಿತ.’

‘ಸರಿ, 10ಕ್ಕೆ ಎರಡು, 20ಕ್ಕೆ ಮೂರು. ನಮ್ಮ ಗೇಟಿಗೆ, ಸರ್ಟಿಫಿಕೇಟ್ ಸಮೇತ. ರೋಲಿಂಗ್ ಆದ ದಿನ ಹೀಟ್ ನಂಬರ್ ವಾಟ್ಸ್ಆ್ಯಪ್ ಮಾಡಿ.’

ಇಲ್ಲಿ ಮೂರು ಸಂಗತಿ ನಡೆದವು. ಎರಡು ಟನ್ ಬಂದರೂ ಹತ್ತು ದಿನ ಯಂತ್ರ ಓಡುತ್ತದೆ. ‘ಗೇಟಿಗೆ, ಸರ್ಟಿಫಿಕೇಟ್ ಸಮೇತ’ ಎಂದದ್ದರಿಂದ ತಾರೀಖಿಗೆ ಒಂದೇ ಅರ್ಥ ಉಳಿಯಿತು. ಇಲ್ಲವಾದರೆ ಅವರು ಲಾರಿ ಹೊರಡುವ ದಿನ ಎಂದುಕೊಂಡಿರುತ್ತಾರೆ, ನೀವು ಇಳಿಸಿಕೊಳ್ಳುವ ದಿನ ಎಂದುಕೊಂಡಿರುತ್ತೀರಿ. ಹೀಟ್ ನಂಬರ್ ಬರಬೇಕಾದ ದಿನ ಬಾರದಿದ್ದರೆ, ತಡವಾಗುವುದು ಸರಕು ಬರಬೇಕಾದ ದಿನಕ್ಕಿಂತ ಬಹಳ ಮೊದಲೇ ಗೊತ್ತಾಗುತ್ತದೆ. ಬೇರೆ ಅಂಗಡಿಯಿಂದ ಒಂದು ಟನ್ ತರಿಸಿಕೊಳ್ಳಲು ಅಷ್ಟು ಬಿಡುವು ಸಾಕು.

ದಂಡದ ಮಾತಿಗೆ ಬಂದರೆ, ವಾರಕ್ಕೆ ಶೇ. 0.5, ಗರಿಷ್ಠ ಶೇ. 10 ಎನ್ನುವುದು ನಮ್ಮ ಸರ್ಕಾರಿ ಕರಾರುಗಳಲ್ಲಿ ಬಳಕೆಯಲ್ಲಿರುವ ಅಳತೆ. ಅದಕ್ಕಿಂತ ದೊಡ್ಡದು ಬರೆಸಿದರೆ ಸಪ್ಲೈಯರ್ ಅದನ್ನು ದರದಲ್ಲೇ ಸೇರಿಸಿಬಿಡುತ್ತಾನೆ ಎಂಬುದು ನನ್ನ ಅನಿಸಿಕೆ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಂತೆಯೂ, ಬರೆದ ಮೊತ್ತ ಎಷ್ಟೇ ಇರಲಿ, ನ್ಯಾಯವಾದ ಪರಿಹಾರವಷ್ಟೇ ಸಿಗುವುದು. ದಂಡಕ್ಕಿಂತ ಹೆಚ್ಚು ಕೆಲಸ ಮಾಡುವುದು ಎರಡನೆಯ ಸಪ್ಲೈಯರ್. ಐದರಲ್ಲಿ ಒಂದು ಟನ್ ಪ್ರತಿ ತಿಂಗಳೂ ಬೇರೆಯವರಿಂದ ಬರುತ್ತಿದ್ದರೆ, ಉಳಿದ ನಾಲ್ಕೂ ಅಲ್ಲಿಗೆ ಹೋಗಬಹುದು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಇದೆಲ್ಲ ನಡೆಯದ ಜಾಗವೊಂದಿದೆ. ಸಾವಿರಾರು ಟನ್ ಎಳೆಯುವ ಮಿಲ್ಲಿನಿಂದ ನೇರವಾಗಿ 5 ಟನ್ ಕೊಳ್ಳುವವರ ಮಾತಿಗೆ ರೋಲಿಂಗ್ ಸರತಿ ಬದಲಾಗುವುದಿಲ್ಲ. ಅಂಥವರು ದಾಸ್ತಾನು ಇಟ್ಟು ಮಾರುವ ಸ್ಥಳೀಯ ವ್ಯಾಪಾರಿಯಿಂದ ತುಸು ಹೆಚ್ಚು ದರಕ್ಕೆ ಕೊಳ್ಳುವುದೇ ಲೇಸು; ಎಷ್ಟು ಹೆಚ್ಚು ಎನ್ನುವುದಕ್ಕೆ ಮೇಲಿನ ಲೆಕ್ಕ ಇದ್ದೇ ಇದೆ.

ಕೊನೆಯದಾಗಿ, ತಡವಾಗಿ ಬಂದ ಮಾಲನ್ನು ಸುಮ್ಮನೆ ಇಳಿಸಿಕೊಳ್ಳಬೇಡಿ. ತಾರೀಖೇ ಮುಖ್ಯವೆಂದು ಒಪ್ಪಿದ ಕರಾರಿನಲ್ಲೂ, ತಡವಾದ ಸರಕನ್ನು ಏನೂ ಹೇಳದೆ ಒಪ್ಪಿಕೊಂಡರೆ ಆಮೇಲೆ ಪರಿಹಾರ ಕೇಳುವಂತಿಲ್ಲ ಎನ್ನುತ್ತದೆ ಅದೇ ಕಾಯ್ದೆಯ 55ನೇ ಕಲಮು. ‘ಇಂತಿಷ್ಟು ದಿನ ತಡವಾಗಿ ಬಂದಿದೆ, ಪರಿಹಾರದ ಹಕ್ಕು ಉಳಿಸಿಕೊಂಡು ಇಳಿಸಿಕೊಳ್ಳುತ್ತಿದ್ದೇವೆ’ ಎಂಬ ಒಂದು ಸಾಲಿನ ಮೇಲ್ ಲಾರಿ ಗೇಟಿನಲ್ಲಿರುವಾಗಲೇ ಹೋಗಲಿ.